ಎಂಟು ಐದು ಹನ್ನೆರಡು ಅಂದಳು ಮಗಳು

ಐಟಿಯವಳು ಮಾತಾಡ್ತಾಳೆ ಅಂದರೆ ಕಂಪ್ಯೂಟರ್ ವಿಷಯ ಅಂದುಕೊಂಡಿರಬಹುದು. ನಾನು ಹೇಳಲು ಬಂದಿರುವುದು ಎರಡನೇ ತರಗತಿಯ ಕೂಡುವ ಲೆಕ್ಕ.

ಕಳೆದ ವರ್ಷ ಮಗಳು 8+5 ಅಂದರೆ 12 ಅನ್ನುತ್ತಿದ್ದಳು. 9+4 ಕೂಡ 12, 7+6 ಕೂಡ 12. "ಗಮನ ಎಲ್ಲಿದೆ?" ಎಂದು ನಾನು ಗದರುತ್ತಿದ್ದೆ. ಅವಳು ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಳ್ಳಲು ಶುರು ಮಾಡಿದಳು. ಒಂದು ದಿನ ಗದರುವ ಬದಲು, "ಹೇಗೆ ಬಂತು? ಜೋರಾಗಿ ಎಣಿಸು" ಅಂದೆ. ಒಂದೊಂದೇ ಬೆರಳು ಮಡಚುತ್ತಾ ಹೇಳಿದಳು: "ಎಂಟು, ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು." ಬೆರಳು ಐದೇ ಇದ್ದವು. ಆದರೆ ಮೊದಲ ಬೆರಳನ್ನು ಎಂಟಕ್ಕೇ ಮಡಚಿದ್ದಳು. ಹಾಗಾಗಿ ಪ್ರತಿ ಉತ್ತರವೂ ಸರಿಯಾಗಿ ಒಂದು ಕಡಿಮೆ. ಇದು ಗಮನದ ತಪ್ಪಲ್ಲ, ಎಣಿಸುವ ರೀತಿಯ ತಪ್ಪು. ಇದೇ ತಪ್ಪನ್ನು ಆಫೀಸಿನಲ್ಲಿ ನಾವೂ ಪ್ರೋಗ್ರಾಮ್‌ಗಳಲ್ಲಿ ಮಾಡುತ್ತೇವೆ. ಎಂಟೆಕ್ ಮಾಡಿದ ನನಗೆ ಮನೆಯಲ್ಲಿ ಅದು ಕಾಣಲು ಎರಡು ತಿಂಗಳು ಬೇಕಾಯಿತು.

ಒಂದೊಂದಾಗಿ ಎಣಿಸುವುದನ್ನು ಬಿಡಿಸಲು ಹತ್ತು ಮಾಡುವ ಉಪಾಯ ಹಿಡಿದೆವು. ಬೆಳಿಗ್ಗೆ ಶಾಲೆಯ ಬಸ್ಸಿಗೆ ಕಾಯುವಾಗ ಎರಡೇ ನಿಮಿಷ, ಬಾಯಿಲೆಕ್ಕ. ಮೊದಲು ಹತ್ತರ ಜೋಡಿ. ನಾನು "ಏಳು" ಅಂದರೆ ಅವಳು "ಮೂರು" ಅನ್ನಬೇಕು. ಹತ್ತೂ ಬೆರಳು ತೆರೆದು ಮೂರು ಮಡಚಿದರೆ ಏಳು ನಿಂತಿರುತ್ತವೆ, ಎರಡೂ ಕಣ್ಣಿಗೆ ಕಾಣುತ್ತವೆ. ಬೆರಳು ನೋಡದೆ ಉತ್ತರ ಬರುವವರೆಗೆ ಮುಂದೆ ಹೋಗಲಿಲ್ಲ. ಆಮೇಲೆ ಬಿಡಿಸುವುದು: "ಐದರಲ್ಲಿ ಎರಡು ಕೊಟ್ಟರೆ ಉಳಿದದ್ದು?" "ಮೂರು."

ಎರಡೂ ಬಂದ ಮೇಲೆ 8+5 ಕೇಳಿದೆ. "ಎಂಟಕ್ಕೆ ಎರಡು ಕೊಟ್ಟೆ, ಹತ್ತಾಯ್ತು. ಮೂರು ಉಳೀತು, ಹದಿಮೂರು." ನಡುವೆ ಒಂದು ವಾರ ಉತ್ತರ 15 ಬರುತ್ತಿತ್ತು. ಎರಡು ಕೊಟ್ಟ ಮೇಲೂ ಪೂರ್ತಿ ಐದನ್ನೇ ಕೂಡಿಸುತ್ತಿದ್ದಳು. ಆಗ ಹುಣಸೆಬೀಜ ತೆಗೆದೆ. ಒಂದು ಕಡೆ ಎಂಟು, ಇನ್ನೊಂದು ಕಡೆ ಐದು. ಎರಡು ಬೀಜ ಇವಳೇ ಆ ಕಡೆ ಸರಿಸಿದಾಗ ಈ ಕಡೆ ಮೂರೇ ಇರುವುದು ಕಂಡಿತು.

ಇಲ್ಲಿ ನಮ್ಮ ಭಾಷೆ ಕೈ ಹಿಡಿಯಿತು. ಇಂಗ್ಲಿಷಿನ ಥರ್ಟೀನ್‌ನಲ್ಲಿ ಮಗುವಿಗೆ ಹತ್ತು ಕೇಳಿಸುವುದಿಲ್ಲ. ಹದಿಮೂರು, ಹದಿನಾಲ್ಕು, ಹದಿನೈದರಲ್ಲಿ ಹತ್ತು ಮುಂದೇ ನಿಂತಿದೆ, ಉಳಿದದ್ದು ಹಿಂದೆ. ಇಪ್ಪತ್ತೊಂದೂ ಹಾಗೆಯೇ. ಮರಾಠಿಯ ಏಕವೀಸ್‌ನಲ್ಲಿ ಒಂದು ಮೊದಲು, ಇಪ್ಪತ್ತು ಆಮೇಲೆ. 2019ರಲ್ಲಿ ಬಾಲಭಾರತಿಯ ಎರಡನೇ ತರಗತಿಯ ಗಣಿತ ಪುಸ್ತಕದಲ್ಲಿ 'ವೀಸ್ ಏಕ್' ಎಂಬ ರೀತಿಯನ್ನು ತಂದಾಗ ಮಹಾರಾಷ್ಟ್ರದಲ್ಲಿ ದೊಡ್ಡ ಚರ್ಚೆಯೇ ಆಯಿತು, ನಿಮಗೆ ನೆನಪಿರಬಹುದು. ಮಕ್ಕಳಿಗೆ ಸುಲಭವಾಗಲಿ ಎಂದು ಅದನ್ನು ಸಮರ್ಥಿಸಿದವರು ಗಣಿತಜ್ಞೆ ಮಂಗಲಾ ನಾರಳೀಕರ್. ಆ ಅನುಕೂಲ ನಮ್ಮ ಮನೆಮಾತಿನಲ್ಲಿ ಮೊದಲಿಂದಲೂ ಇದೆ. ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಉತ್ತರ ಬರೆಯಲಿ, ಬಸ್‌ಸ್ಟಾಪಿನಲ್ಲಿ ಕನ್ನಡದಲ್ಲಿ ಯೋಚಿಸಲಿ ಎಂದು ನಾನು ನಿರ್ಧರಿಸಿದೆ.

ಇನ್ನು ಜೋಡಿ ಲೆಕ್ಕ. ಆರು ಆರು ಹನ್ನೆರಡು, ಏಳು ಏಳು ಹದಿನಾಲ್ಕು, ಎಂಟು ಎಂಟು ಹದಿನಾರು. ಇವನ್ನು ಮಕ್ಕಳು ಹಾಡಿನಂತೆ ಬೇಗ ಕಲಿಯುತ್ತಾರೆ. 6+7 ಬಂದರೆ ಆರು ಆರು ಹನ್ನೆರಡು, ಇನ್ನೊಂದು ಸೇರಿ ಹದಿಮೂರು. ಪಕ್ಕಪಕ್ಕದ ಸಂಖ್ಯೆಗಳಿಗೆ ಇದು ಒಳ್ಳೆಯದು. ಎಂಟೋ ಒಂಬತ್ತೋ ಇದ್ದರೆ ಹತ್ತು ಮಾಡುವುದೇ ಸಲೀಸು. ಯಾವುದು ಎಲ್ಲಿ ಎಂದು ನಾನು ಮೊದಲೇ ಹೇಳುವುದಿಲ್ಲ. 8+7ಕ್ಕೆ ಅವಳು ಒಂದು ದಿನ "ಏಳು ಏಳು ಹದಿನಾಲ್ಕು, ಮತ್ತೊಂದು" ಅಂದಳು, ಮರುದಿನ "ಎರಡು ಕೊಟ್ಟೆ, ಐದು ಉಳೀತು" ಅಂದಳು. ಎರಡೂ ಹದಿನೈದೇ.

ದಿನಕ್ಕೆ ಐದೇ ಪ್ರಶ್ನೆ: ನಾಲ್ಕು ಬರುವಂಥವು, ಒಂದು ಹೊಸದು. ಗಡಿಯಾರ ನೋಡಬೇಡಿ. ಅವಸರ ಮಾಡಿದ ದಿನ ನನ್ನ ಮಗಳು ಮತ್ತೆ ಬೆರಳೆಣಿಕೆಗೆ ಹೋಗಿದ್ದಳು. ಉತ್ತರ ಸರಿ ಇದ್ದರೂ "ಹೇಗೆ ಬಂತು?" ಎಂದು ಕೇಳಿ. ಉತ್ತರ ಮತ್ತೆ ಮತ್ತೆ ಒಂದು ಕಡಿಮೆ ಬಂದರೆ ಮಗು ಇನ್ನೂ ಎಣಿಸುತ್ತಿದೆ ಎಂದು ತಿಳಿಯಿರಿ.

ಮೊನ್ನೆ ಕಳವಾ ಸ್ಟೇಷನ್ನಿನಲ್ಲಿ ಲೋಕಲ್‌ಗೆ ಕಾಯುತ್ತಿದ್ದಾಗ ಅವಳೇ ಕೇಳಿದಳು: "ಅಮ್ಮಾ, 28ಕ್ಕೆ 5?" ನಾನು ಸುಮ್ಮನಿದ್ದೆ. "ಎರಡು ಕೊಟ್ಟೆ, ಮೂವತ್ತು. ಮೂವತ್ತಮೂರು!" ನಾನಿನ್ನೂ ಹೇಳಿಕೊಡದ ಲೆಕ್ಕ ಅದು. ಅವಳ ಎರಡೂ ಕೈ ಕಾಣುವಂತೆಯೇ ಇದ್ದವು, ಬೆರಳು ಒಂದೂ ಮಡಚಿರಲಿಲ್ಲ.