ಮೂರು ಮಧ್ಯಾಹ್ನಗಳ ಅನುಮತಿ
(ಗ್ರಾಮಸೇವಕರು ರೈತರ ಸಭೆಯಲ್ಲಿ ಮಾಡಿದ ಭಾಷಣ)



ನಿಮ್ಮಲ್ಲಿ ಕೆಲವರ ಮಕ್ಕಳು ಅಕ್ಕಿ ಗಿರಣಿಗೆ, ಇಟ್ಟಿಗೆ ಗೂಡಿಗೆ ದುಡಿಯಲು ಹೋಗುತ್ತಾರೆ. ಕೆಲವರು ನೀವೇ ಆಳುಗಳನ್ನಿಟ್ಟು ಬೇಸಾಯ ಮಾಡಿಸುತ್ತೀರಿ. ಅದರಿಂದ ಈ ಮಾತು ಕೇಳುವವರಿಗೂ ಕೊಡುವವರಿಗೂ ಸಲ್ಲುತ್ತದೆ. ನಾಯಿ ಕಚ್ಚಿದವನು ಚುಚ್ಚುಮದ್ದಿನ ದಿನಗಳಂದು ಕೆಲಸದಿಂದ ಬೇಗ ಹೊರಡಲು ಹೇಗೆ ಕೇಳಬೇಕು ಎಂಬುದೇ ಇಂದಿನ ವಿಷಯ.

ಹುಚ್ಚುನಾಯಿ ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕುವವರು ಇಲ್ಲವೆಂದೇ ಹೇಳಬೇಕು. ಅದಕ್ಕೆ ಮುಂಚೆ ಚುಚ್ಚುಮದ್ದು ತೆಗೆದುಕೊಂಡರೆ ರೋಗವನ್ನು ತಡೆಯಬಹುದು. ಕಚ್ಚಿದ ಕೂಡಲೇ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಸುಣ್ಣ, ಖಾರದ ಪುಡಿ ಹಚ್ಚಬೇಡಿ. ಆ ದಿನ ಅಪ್ಪಣೆಗಾಗಿ ಕಾಯದೆ ಆಸ್ಪತ್ರೆಗೆ ಹೋಗಿ, ಕೆಲಸದ ಕಡೆಗೆ ಹೇಳಿಕಳುಹಿಸಿದರೆ ಸಾಕು. ರಕ್ತ ಬಂದಿದ್ದರೆ ಗಾಯದ ಸುತ್ತ ಕೊಡುವ ಬೇರೊಂದು ಮದ್ದೂ ಇದೆ. ಅದರ ವಿಚಾರವನ್ನೂ ವೈದ್ಯರಲ್ಲಿ ಕೇಳಿ.

ತೊಡಕು ಬರುವುದು ಮುಂದಿನ ದಿನಗಳಲ್ಲಿ. ಚರ್ಮದೊಳಗೆ ಕೊಡುವ ಪದ್ಧತಿಯಲ್ಲಿ ಮೊದಲ ದಿನವನ್ನು ಸೊನ್ನೆ ಎಂದು ಎಣಿಸಿ 3, 7 ಮತ್ತು 28ನೆಯ ದಿನ ಮತ್ತೆ ಹೋಗಬೇಕು. ಸ್ನಾಯುವಿಗೆ ಕೊಡುವ ಪದ್ಧತಿಯಲ್ಲಿ 14ನೆಯ ದಿನವೂ ಸೇರುತ್ತದೆ. ನಿಮಗೆ ಯಾವುದು ಎಂಬುದು ಆಸ್ಪತ್ರೆಯ ಚೀಟಿಯಲ್ಲಿ ಬರೆದಿರುತ್ತದೆ. ಒಂದೆರಡು ಸಲ ಹೋಗಿ ಬಂದಮೇಲೆ ಗಾಯ ಮಾಯುತ್ತದೆ. ಅರ್ಧ ದಿನದ ಕೂಲಿ ಯಾಕೆ ಕಳೆಯಲಿ, ಮೇಸ್ತ್ರಿಯನ್ನು ಮತ್ತೆ ಹೇಗೆ ಕೇಳಲಿ ಎಂದು ಕೊನೆಯ ಚುಚ್ಚುಮದ್ದನ್ನು ಬಿಟ್ಟುಬಿಡುತ್ತಾರೆ. ಭತ್ತಕ್ಕೆ ಮೇಲುಗೊಬ್ಬರವನ್ನು ಕಂತಿನಲ್ಲಿ ಹಾಕುವವರು ನೀವು. ಮೊದಲ ಕಂತಿಗೆ ಪೈರು ಹಸುರಾಯಿತೆಂದು ಮುಂದಿನದನ್ನು ಬಿಡುತ್ತೀರಾ?

ಆದ್ದರಿಂದ ದಿನಕ್ಕೊಮ್ಮೆ ಕೇಳುವ ಬದಲು ಎಲ್ಲ ದಿನಗಳನ್ನೂ ಒಂದೇ ಸಲ ಕೇಳಿಬಿಡಿ. ಒಂದು ಉದಾಹರಣೆ ನೋಡೋಣ. ಗಿರಣಿಯಲ್ಲಿ ದುಡಿಯುವ ಒಬ್ಬನಿಗೆ ಜೂನ್ 2, ಸೋಮವಾರ ನಾಯಿ ಕಚ್ಚಿತು; ಅಂದೇ ಮೊದಲ ಚುಚ್ಚುಮದ್ದಾಯಿತು. ಉಳಿದವು 5 ಗುರುವಾರ, 9 ಸೋಮವಾರ ಮತ್ತು 30 ಸೋಮವಾರ. ಮೊದಲ ದಿನವನ್ನೇ ಒಂದು ಎಂದು ಎಣಿಸಿದರೆ ತಾರೀಖು ತಪ್ಪುತ್ತದೆ. ದಾದಿಯ ಕೈಲೇ ಬರೆಸಿಕೊಳ್ಳಿ. ಚುಚ್ಚುಮದ್ದು ಎಷ್ಟು ಗಂಟೆಯವರೆಗೆ ಕೊಡುತ್ತಾರೆಂದೂ ಕೇಳಿ. ಸೀಸೆ ತೆರೆದ ಮೇಲೆ ಅದನ್ನು ಕೆಲವೇ ಗಂಟೆಗಳಲ್ಲಿ ಮುಗಿಸಬೇಕಾದ್ದರಿಂದ ಕೆಲವೆಡೆ ಗೊತ್ತಾದ ವೇಳೆಯಲ್ಲೇ ಕೊಡುತ್ತಾರೆ.

ಇಷ್ಟು ತಿಳಿದ ಮೇಲೆ ಅವನು ಮರುದಿನ ಬೆಳಿಗ್ಗೆ, ಲಾರಿ ತುಂಬುವ ಗಡಿಬಿಡಿಗೆ ಮೊದಲು, ಮೇಸ್ತ್ರಿಗೆ ಹೀಗೊಂದು ಚೀಟಿ ಕೊಡಬಹುದು:

“ಸ್ವಾಮಿ, ನನಗೆ ನಾಯಿ ಕಚ್ಚಿದೆ. ಆಸ್ಪತ್ರೆಯ ಚೀಟಿ ತಂದಿದ್ದೇನೆ. ಜೂನ್ 5, 9 ಮತ್ತು 30, ಈ ಮೂರು ದಿನ ಸಂಜೆ 5ರ ಬದಲು ಮಧ್ಯಾಹ್ನ 2 ಗಂಟೆಗೆ ಹೊರಡಲು ಅನುಮತಿ ಕೊಡಬೇಕು. ಆ ದಿನಗಳಲ್ಲಿ ಬೆಳಿಗ್ಗೆ ಒಂದು ಗಂಟೆ ಮುಂಚೆ ಬರುತ್ತೇನೆ. ಮಧ್ಯಾಹ್ನದ ಮೂಟೆ ಎಣಿಕೆಯನ್ನು ಜೊತೆಯವನು ನೋಡಿಕೊಳ್ಳಲು ಒಪ್ಪಿದ್ದಾನೆ. 30ರ ನಂತರ ಈ ಅನುಮತಿ ಬೇಕಾಗುವುದಿಲ್ಲ.”

ಇದರಲ್ಲಿ ಹೆಚ್ಚು ಕೆಲಸ ಮಾಡುವುದು ಕೊನೆಯ ಮಾತು. ಎಂದಿಗೆ ಮುಗಿಯುತ್ತದೆಂದು ಗೊತ್ತಿಲ್ಲದ ಕೋರಿಕೆಗೆ ಯಜಮಾನನು ಅಂಜುತ್ತಾನೆ. ಮೂರೇ ಮಧ್ಯಾಹ್ನ ಎಂದು ತಿಳಿದರೆ ಆಳಿನ ಏರ್ಪಾಡು ಮಾಡಿಕೊಳ್ಳುತ್ತಾನೆ. ಕಳೆದ ಹೊತ್ತಿಗೆ ಕೂಲಿ ಹಿಡಿಯುತ್ತಾರೋ ಇಲ್ಲವೋ ಎಂಬುದನ್ನು ಅಂದೇ ಮಾತನಾಡಿಕೊಳ್ಳಿ. ಬಟವಾಡೆಯ ದಿನ ಜಗಳವಾಗುವುದಿಲ್ಲ. ಪ್ರತಿ ಸಲವೂ ಹಿಂದಿನ ಸಂಜೆ ಒಮ್ಮೆ ಜ್ಞಾಪಿಸಿ. 9ಕ್ಕೂ 30ಕ್ಕೂ ಮೂರು ವಾರದ ಅಂತರವಿದೆ. ಅಷ್ಟರಲ್ಲಿ ಕೇಳಿದವನೂ ಮರೆಯುತ್ತಾನೆ, ಕೊಟ್ಟವನೂ ಮರೆಯುತ್ತಾನೆ.

ಯಜಮಾನನು “ನಾಯಿ ಚೆನ್ನಾಗಿಯೇ ಇದೆಯಲ್ಲ, ಮತ್ತೇಕೆ?” ಎಂದರೆ? ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸುವುದು ಸರಿ, ಆದರೆ ಚುಚ್ಚುಮದ್ದನ್ನು ಅದಕ್ಕಾಗಿ ತಡೆಯುವಂತಿಲ್ಲ. ಹತ್ತು ದಿನವಾದ ಮೇಲೂ ನಾಯಿ ಆರೋಗ್ಯವಾಗಿದ್ದರೆ ಮುಂದೇನೆಂದು ವೈದ್ಯರೇ ಹೇಳಬೇಕು; ಮೇಸ್ತ್ರಿಯೂ ಅಲ್ಲ, ನಾವೂ ಅಲ್ಲ. ಯಾವುದೋ ಕಾರಣಕ್ಕೆ ಒಂದು ದಿನ ತಪ್ಪಿದರೆ ಎಲ್ಲ ಕೆಟ್ಟಿತೆಂದು ಕೈಬಿಡಬೇಡಿ. ಮರುದಿನವೇ ಹೋಗಿ. ಸಾಮಾನ್ಯವಾಗಿ ಮೊದಲಿನಿಂದ ಶುರು ಮಾಡಬೇಕಾಗುವುದಿಲ್ಲ, ಬಿಟ್ಟಲ್ಲಿಂದ ಮುಂದುವರಿಸುತ್ತಾರೆ.

ಇನ್ನು ಆಳುಗಳನ್ನಿಟ್ಟವರಿಗೆ ಒಂದು ಮಾತು. ಇಂಥ ಚೀಟಿ ನಿಮ್ಮ ಕೈಗೆ ಬಂದರೆ ಆ ತಾರೀಖುಗಳನ್ನು ನಿಮ್ಮ ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿ. ನಾಟಿಯ ಭರದಲ್ಲಿ ಅವನು ಸುಮ್ಮನೆ ಗದ್ದೆಯಲ್ಲಿ ಬಗ್ಗಿದ್ದರೆ, ಹೊತ್ತಾಯಿತು, ಹೊರಡು ಎಂದು ನೀವೇ ಹೇಳಿ ಕಳುಹಿಸಿ.