ಅರೆಕಾಲಿಕರ ಕೆಲಸಕ್ಕೆ ಯಾವ ಅಳತೆಗೋಲು?

(ಶ್ರೀಮಠದ ಶಾಲೆ, ಪ್ರಸಾದ ನಿಲಯ ಮತ್ತು ಇತರ ಸಂಸ್ಥೆಗಳ ಆಡಳಿತ ನೋಡಿಕೊಳ್ಳುವವರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

 

ವರ್ಷದ ಕೊನೆಗೆ ಸಿಬ್ಬಂದಿಯ ಕೆಲಸದ ಬಗ್ಗೆ ವರದಿ ಬರೆಯುವವರು ನೀವು. ನಿಮ್ಮ ನಮೂನೆಯನ್ನು ನನಗೂ ತೋರಿಸಿದರು. ಪೂರ್ಣಾವಧಿಯವರಿಗೂ ಅದೇ, ದಿನಕ್ಕೆ ನಾಲ್ಕು ತಾಸು ಬರುವವರಿಗೂ ಅದೇ. ಅದರಲ್ಲಿ ಮೂರು ಕಲಮುಗಳಿವೆ: ನಂಬಿಕೆಗೆ ಅರ್ಹರೇ, ಕೆಲಸ ಎಷ್ಟು ಮಾಡಿದರು, ಹೊಂದಿಕೊಂಡು ಹೋಗುತ್ತಾರೆಯೇ. ಈ ಮೂರು ಕಲಮುಗಳಲ್ಲೇ ಅರೆಕಾಲಿಕರಿಗೆ ಅನ್ಯಾಯ ಹೇಗೆ ಆಗುತ್ತದೆ ಎಂಬುದನ್ನು ನಾನು ಕಂಡ ಒಂದೇ ಪ್ರಕರಣದ ಮೂಲಕ ಹೇಳುತ್ತೇನೆ. ಸರ್ಕಾರಿ ಎಂಜಿನಿಯರ್ ಆಗಿ ನೀರು ಸರಬರಾಜಿನ ಕೆಲಸದಲ್ಲಿ ಇದ್ದವನು ನಾನು. ಆದ್ದರಿಂದ ನನ್ನ ಉದಾಹರಣೆ ಪಂಪ್‌ಹೌಸಿನದು.

ಒಂದು ಊರಿನ ಪಂಪ್‌ಹೌಸ್. ದಿನಕ್ಕೆ ಮೂರು ಪಾಳಿ: ಬೆಳಿಗ್ಗೆ 6ರಿಂದ 2, ಮಧ್ಯಾಹ್ನ 2ರಿಂದ ರಾತ್ರಿ 10, ರಾತ್ರಿ 10ರಿಂದ ಬೆಳಗಿನ 6. ವಾರಕ್ಕೆ 21 ಪಾಳಿ ಆಯಿತು. ಕಾಯಂ ಆಪರೇಟರುಗಳು ಮೂವರು, ಪ್ರತಿಯೊಬ್ಬರಿಗೂ ವಾರಕ್ಕೊಂದು ರಜೆ. ಅವರು ನಡೆಸುವುದು 18 ಪಾಳಿ. ಉಳಿದ ಮೂರು ಪಾಳಿಗೆ ಒಬ್ಬ ಬದಲಿ ಆಪರೇಟರ್ ಬೇಕು. ಅವರೇ ನಮ್ಮ ಅರೆಕಾಲಿಕ ನೌಕರರು. ವಾರದಲ್ಲಿ ಒಂದು ದಿನ ಬೆಳಗಿನ ಪಾಳಿ, ಒಂದು ದಿನ ಸಂಜೆಯದು, ಒಂದು ದಿನ ರಾತ್ರಿಯದು. ಉಳಿದ ದಿನ ಅಕ್ಕಿ ಗಿರಣಿಯಲ್ಲಿ ಕೂಲಿ.

ಅವರ ಆದೇಶ ಮುಂದುವರಿಸಬೇಕೋ ಬೇಡವೋ ಎಂಬ ಕಡತ ನನ್ನ ಮುಂದೆ ಬಂತು. ಸಹಾಯಕ ಎಂಜಿನಿಯರ್ ಮೂರು ತಿಂಗಳ ದಾಖಲೆ ನೋಡಿ ಬರೆದಿದ್ದರು: ಗೈರುಹಾಜರಿ 3 ದಿನ, ಕೆಲಸ ನಿಧಾನ, ಕರೆದಾಗ ಬರಲು ಎರಡು ಸಲ ನಿರಾಕರಣೆ, ಮುಂದುವರಿಸುವುದು ಬೇಡ. ಹೋಲಿಕೆಗೆ ಹಿರಿಯ ಆಪರೇಟರನ್ನು ಇಟ್ಟುಕೊಂಡಿದ್ದರು. ಅವರ ಗೈರುಹಾಜರಿ 1 ದಿನ, ಕೆಲಸ ಚುರುಕು, ದೂರು ಇಲ್ಲ. ಬರೆದವರು ಕೆಟ್ಟವರೇನಲ್ಲ. ಕಂಡದ್ದನ್ನೇ ಬರೆದಿದ್ದರು. ಆದರೆ ಅವರು ಪಂಪ್‌ಹೌಸಿಗೆ ಹೋಗುತ್ತಿದ್ದದ್ದು ಹಗಲು ಹೊತ್ತು, ಹಿರಿಯರು ಇರುವ ಹೊತ್ತು. ನಾನು ಸಹಿ ಹಾಕುವ ಮೊದಲು ಹಾಜರಿ ಪುಸ್ತಕ, ಲಾಗ್‌ಬುಕ್ ಎರಡನ್ನೂ ತರಿಸಿಕೊಂಡೆ.

ಮೊದಲು ಹಾಜರಿ. ಮೂರು ತಿಂಗಳೆಂದರೆ 13 ವಾರ. ಹಿರಿಯರ ಪಾಲಿಗೆ 78 ಪಾಳಿ, ಬದಲಿಯವರ ಪಾಲಿಗೆ 39. ಹಿರಿಯರು 6 ದಿನ ಮಂಜೂರಾದ ರಜೆಯ ಮೇಲೆ ಹೋಗಿದ್ದರು, ಒಂದು ದಿನ ಹೇಳದೆ ತಪ್ಪಿಸಿದ್ದರು. ರಜೆ ರಜೆಯ ಲೆಕ್ಕಕ್ಕೆ ಹೋಯಿತು, ಗೈರುಹಾಜರಿ ಒಂದೇ ಉಳಿಯಿತು. ಬದಲಿಯವರಿಗೆ ರಜೆ ಎಂಬುದೇ ಇಲ್ಲ. ಜ್ವರ ಬಂದು ಹಿಂದಿನ ದಿನವೇ ಹೇಳಿ ಕಳಿಸಿದರೂ ಪುಸ್ತಕದಲ್ಲಿ ಗೈರುಹಾಜರಿ ಎಂದೇ ಬೀಳುತ್ತದೆ. ಅವರ ಮೂರರಲ್ಲಿ ಎರಡು ಅಂಥವು, ಒಂದು ಮಾತ್ರ ಹೇಳದೆ ತಪ್ಪಿಸಿದ್ದು.

ಈಗ ಲೆಕ್ಕವನ್ನು ಸರಿಯಾಗಿ ಹಾಕೋಣ. ಪಂಪಿನ ಮುಂದೆ ಇರಬೇಕಾದ ಹೊತ್ತಿನಲ್ಲಿ ಇರದ ಪಾಳಿ ಎಷ್ಟು? ಹಿರಿಯರದು 78ರಲ್ಲಿ 7, ನೂರಕ್ಕೆ ಸುಮಾರು 9. ಬದಲಿಯವರದು 39ರಲ್ಲಿ 3, ನೂರಕ್ಕೆ ಸುಮಾರು 8. ರಜೆ ಪಡೆಯುವುದು ಹಿರಿಯರ ಹಕ್ಕು, ಅದನ್ನು ಅವರ ಮೇಲೆ ಹೊರಿಸಲು ನಾನು ಈ ಲೆಕ್ಕ ಹಾಕಿದ್ದಲ್ಲ. ಒಬ್ಬರ ಜ್ವರಕ್ಕೆ ರಜೆ ಎಂಬ ಹೆಸರಿದೆ, ಇನ್ನೊಬ್ಬರ ಜ್ವರಕ್ಕೆ ಇಲ್ಲ, ಅಷ್ಟೇ. ನಂಬಿಕೆಯ ಪ್ರಶ್ನೆ ಬರುವುದು ಹೇಳದೆ ತಪ್ಪಿಸಿದ್ದರಲ್ಲಿ. ಅಲ್ಲಿ ಇಬ್ಬರದೂ ಒಂದೊಂದು. 39ರಲ್ಲಿ 1 ಎಂದರೆ 78ರಲ್ಲಿ 1ಕ್ಕಿಂತ ಎರಡರಷ್ಟು ಕೆಟ್ಟದ್ದು ಎಂದು ಸಹಾಯಕ ಎಂಜಿನಿಯರ್ ವಾದಿಸಿದರು. ಗಣಿತ ಸರಿ. ಆದರೆ ಒಂದೇ ಒಂದು ಘಟನೆಯ ಮೇಲೆ ಒಬ್ಬರನ್ನು ಇನ್ನೊಬ್ಬರಿಗಿಂತ ಕೆಳಗೆ ಇಡಲಾಗದು. ಅರೆಕಾಲಿಕರ ಪಾಳಿಗಳೇ ಕಡಿಮೆ ಇರುವುದರಿಂದ ಒಂದು ತಪ್ಪೂ ನೂರರ ಲೆಕ್ಕದಲ್ಲಿ ದೊಡ್ಡದಾಗಿ ಕಾಣುತ್ತದೆ. ಹಾಗಾಗಿ ಅವರನ್ನು ಮೂರು ತಿಂಗಳಲ್ಲ, ಇಡೀ ವರ್ಷದ ದಾಖಲೆಯ ಮೇಲೆ ನೋಡಬೇಕು.

ಇನ್ನು ಕೆಲಸದ ಅಳತೆ. ಪಾಳಿಗೆ ಎಷ್ಟು ನೀರು ಎತ್ತಿದರು ಎಂದು ಅಳೆಯುವುದು ಸುಲಭ, ಆದರೆ ಅದು ಆಪರೇಟರ್ ಕೈಯಲ್ಲಿಲ್ಲ. ಪಂಪು ತನ್ನ ಶಕ್ತಿಯಷ್ಟೇ ಎತ್ತುತ್ತದೆ. ಕರೆಂಟು ಹೋದರೆ ನಿಲ್ಲುತ್ತದೆ. ಆಪರೇಟರ್ ಕೈಯಲ್ಲಿರುವುದು ಕರೆಂಟು ಮರಳಿ ಬಂದ ಮೇಲೆ ಪಂಪು ಮತ್ತೆ ನೀರು ಕೊಡುವವರೆಗಿನ ಹೊತ್ತು. ಮೂರೂ ಫೇಸ್ ಸರಿಯಾಗಿ ಬಂದಿದೆಯೇ, ವೋಲ್ಟೇಜ್ ನಿಂತಿದೆಯೇ ಎಂದು ನೋಡಬೇಕು. ಫುಟ್ ವಾಲ್ವ್ ಸೋರಿ ಪೈಪಿನ ನೀರು ಇಳಿದುಹೋಗಿದ್ದರೆ ಮತ್ತೆ ನೀರು ತುಂಬಿ ಗಾಳಿ ಹೊರಹಾಕಬೇಕು. ಡೆಲಿವರಿ ವಾಲ್ವ್ ಮುಚ್ಚಿ ಮೋಟಾರು ಚಾಲೂ ಮಾಡಿ, ಆಂಪಿಯರ್ ಮುಳ್ಳು ಸ್ಥಿರವಾದ ಮೇಲೆ ನಿಧಾನವಾಗಿ ವಾಲ್ವ್ ತೆರೆಯಬೇಕು. ತೀರಾ ಬೇಗ ಮುಗಿಸುವವರನ್ನೂ ನಾನು ಅನುಮಾನದಿಂದಲೇ ನೋಡುತ್ತಿದ್ದೆ. ವೋಲ್ಟೇಜ್ ನಿಲ್ಲುವ ಮೊದಲೇ ಗುಂಡಿ ಒತ್ತುವವರು ಮೋಟಾರಿನ ಕಾಯಿಲ್ ಸುಡುತ್ತಾರೆ.

ಲಾಗ್‌ಬುಕ್ಕಿನ ಪ್ರಕಾರ ಹಿರಿಯರಿಗೆ ಇದಕ್ಕೆ ಸರಾಸರಿ 12 ನಿಮಿಷ, ಬದಲಿಯವರಿಗೆ 18. ‘ನೋಡಿ ಸರ್, ಒಂದೂವರೆ ಪಟ್ಟು ನಿಧಾನ’ ಎಂದರು ಸಹಾಯಕ ಎಂಜಿನಿಯರ್. ನಾನು ಪಾಳಿವಾರು ಬಿಡಿಸಿ ಬರೆಯಲು ಹೇಳಿದೆ. ಹಿರಿಯರು ಸೇವಾ ಹಿರಿತನದ ಮೇಲೆ ಬೆಳಗಿನ ಪಾಳಿಯಲ್ಲೇ ಇದ್ದವರು. ಆ ಪಾಳಿಗೆ ಒಬ್ಬ ಸಹಾಯಕ ಇರುತ್ತಾನೆ, ನೀರು ತುಂಬಲು ಕೈಜೋಡಿಸುತ್ತಾನೆ. ಸಂಜೆ, ರಾತ್ರಿ ಆಪರೇಟರ್ ಒಬ್ಬರೇ. ಕರೆಂಟು ಹೆಚ್ಚಾಗಿ ಹೋಗುವುದೂ ಆ ಹೊತ್ತಿನಲ್ಲೇ. ಬದಲಿಯವರ ಪಾಳಿಗಳಲ್ಲಿ ಕರೆಂಟು ಹೋಗಿದ್ದು 24 ಸಲ. ಅದರಲ್ಲಿ ಬೆಳಿಗ್ಗೆ 5, ಸಂಜೆ 11, ರಾತ್ರಿ 8. ಬೆಳಗಿನ ಪಾಳಿಯಲ್ಲಿ ಅವರ ಸರಾಸರಿ 13 ನಿಮಿಷ, ಹಿರಿಯರದು 12. ಸಂಜೆ ಅವರದು 19, ಅಲ್ಲಿನ ಕಾಯಂ ಆಪರೇಟರದು 18. ರಾತ್ರಿ ಅವರದು 21, ಕಾಯಂ ಆಪರೇಟರದು 22. ನಿಧಾನವಾಗಿದ್ದದ್ದು ಮನುಷ್ಯನಲ್ಲ, ಪಾಳಿ. ಅವರಿಗೆ ಕಷ್ಟದ ಪಾಳಿಗಳು ಹೆಚ್ಚು ಸಿಕ್ಕಿದ್ದರಿಂದ ಒಟ್ಟು ಸರಾಸರಿ ಕೆಟ್ಟದಾಗಿ ಕಂಡಿತು.

ಅದೇ ಲಾಗ್‌ಬುಕ್ಕಿನಲ್ಲಿ ಇನ್ನೊಂದು ಕಂಡಿತು. ಕಾಯಂ ಆಪರೇಟರುಗಳಲ್ಲಿ ಒಬ್ಬರ ರಾತ್ರಿಯ ಪುಟಗಳಲ್ಲಿ ತಾಸಿಗೊಮ್ಮೆ ಬರೆಯಬೇಕಾದ ಆಂಪಿಯರ್ ಅಂಕಿ ಎಂಟೂ ಸಲ ಒಂದೇ. ರಾತ್ರಿ ವೋಲ್ಟೇಜ್ ಏರಿಳಿಯುವಾಗ ಆಂಪಿಯರ್ ಹಾಗೆ ಕಲ್ಲಿನಂತೆ ನಿಲ್ಲುವುದಿಲ್ಲ. ಬೆಳಗಿನ ಜಾವ ಒಟ್ಟಿಗೆ ಕೂತು ಬರೆದದ್ದು ಅದು. ಬದಲಿಯವರ ಅಂಕಿಗಳು ತಾಸು ತಾಸಿಗೂ ಸ್ವಲ್ಪ ಬದಲಾಗಿದ್ದವು. ಕೈಬರಹ ಚೆನ್ನಾಗಿರಲಿಲ್ಲ, ಅಂಕಿ ನಿಜವಾಗಿತ್ತು.

ಮೂರನೆಯದು ಹೊಂದಿಕೊಂಡು ಹೋಗುವುದು. ಎರಡು ಸಲ ಬರಲಿಲ್ಲ ಎಂದು ಬರೆದಿತ್ತಲ್ಲ, ಹಾಗಾದರೆ ಕರೆದದ್ದು ಎಷ್ಟು ಸಲ ಎಂದು ಕೇಳಿದೆ. ಯಾರೂ ಬರೆದಿಟ್ಟಿರಲಿಲ್ಲ. ಹಾಜರಿ ಪುಸ್ತಕದಿಂದ ಹೆಕ್ಕಿ ತೆಗೆದಾಗ 11 ಸಲ. ಅದರಲ್ಲಿ 6 ಹಿರಿಯರು ರಜೆ ಹೋದ ಅದೇ 6 ದಿನಗಳು! ಅವರು 9 ಸಲ ಬಂದಿದ್ದರು. ಬಾರದ ಎರಡೂ ಸಲ ಮಧ್ಯಾಹ್ನ ಹೇಳಿ ಅದೇ ಸಂಜೆ ಬನ್ನಿ ಎಂದದ್ದು, ಅವರು ಗಿರಣಿಯಲ್ಲಿದ್ದಾಗ. ಒಂದು ದಿನ ಮೊದಲು ಹೇಳಿದಾಗ ಒಮ್ಮೆಯೂ ತಪ್ಪಿಸಿರಲಿಲ್ಲ. ಹಿರಿಯರನ್ನು ಹೆಚ್ಚುವರಿ ಪಾಳಿಗೆ ಕರೆದದ್ದು ಎಷ್ಟು ಸಲ? ಒಂದೂ ಇಲ್ಲ. ಕೇಳದವರು ಹೇಗೆ ನಿರಾಕರಿಸುತ್ತಾರೆ? ಅವರ ಕಲಮಿನಲ್ಲಿ ‘ಉತ್ತಮ’ ಎಂದಿತ್ತು.

ಅರೆಕಾಲಿಕರಿಗೆ ನಾವು ಸಂಬಳ ಕೊಡುವುದು ಅವರು ದುಡಿದ ತಾಸುಗಳಿಗೆ. ಮನೆಯಲ್ಲಿ ಕೂತು ನಮ್ಮ ಕರೆಗೆ ಕಾಯುವ ತಾಸುಗಳಿಗೆ ಕೊಡುವುದಿಲ್ಲ. ಒಪ್ಪಿದ ಹೊತ್ತಿಗೆ ಬಂದು ಒಪ್ಪಿದ ಹೊತ್ತಿಗೆ ಹೋಗುವುದನ್ನು ಒರಟುತನ ಎನ್ನಲಾಗದು. ವಾರಕ್ಕೆ ಮೂರು ಬೇರೆ ಬೇರೆ ಪಾಳಿಗೆ ನಿದ್ದೆ ಬದಲಿಸಿಕೊಂಡವರು ಆ ಪಂಪ್‌ಹೌಸಿನಲ್ಲಿ ಅವರೊಬ್ಬರೇ.

ಇಷ್ಟೆಲ್ಲ ಹೇಳಿದ ಮೇಲೆ ಅವರದೇ ಆದ ಕೊರತೆಯನ್ನೂ ಹೇಳಬೇಕು, ಇಲ್ಲದಿದ್ದರೆ ಅದು ವರದಿಯಾಗದು, ಶಿಫಾರಸು ಪತ್ರವಾಗುತ್ತದೆ. ಎರಡು ದಿನ ಬಿಟ್ಟು ಬರುವವರಿಗೆ ನಡುವೆ ಏನಾಯಿತೆಂದು ತಿಳಿದಿರುವುದಿಲ್ಲ. ಹಿಂದಿನ ಪುಟಗಳನ್ನು ಓದಿ ತಿಳಿಯಬೇಕು. ಅವರು ಓದುತ್ತಿರಲಿಲ್ಲ. ಗ್ಲ್ಯಾಂಡಿನಲ್ಲಿ ನೀರು ಹೆಚ್ಚು ಸೋರುತ್ತಿದೆ ಎಂದು ಹಿಂದಿನ ಪಾಳಿಯವರು ಬರೆದು, ಪ್ಯಾಕಿಂಗ್ ತರಿಸಲು ಹೇಳಿದ್ದರೂ, ಇವರು ಅದನ್ನೇ ಹೊಸ ದೋಷವೆಂದು ಮತ್ತೆ ಬರೆದಿದ್ದರು. ಪಾಳಿ ವಹಿಸಿಕೊಂಡದ್ದಕ್ಕೆ ಎಷ್ಟೋ ದಿನ ಸಹಿಯೇ ಇರಲಿಲ್ಲ. ಕೇಳಿದಾಗ ಅವರು ಹೇಳಿದ್ದು: ‘ಸಾಹೇಬ್ರೆ, ಆರ್ಡರ್‌ನಾಗ ಆರರಿಂದ ಎರಡು ಅಂತ ಐತ್ರಿ. ಆರಕ್ಕ ಬಂದು ಕೂಡಲೇ ಮಿಷನ್ ನೋಡೂದೋ, ಪುಸ್ತಕ ಓದೂದೋ?’ ಕಾಯಂ ಸಿಬ್ಬಂದಿ ಪಕ್ಕದ ವಸತಿಗೃಹದಲ್ಲಿದ್ದವರು, ಹತ್ತು ನಿಮಿಷ ಮೊದಲೇ ಬಂದು ಮಾತಾಡಿಕೊಳ್ಳುತ್ತಿದ್ದರು. ಆ ಹತ್ತು ನಿಮಿಷ ಬೇಕಿದ್ದರೆ ಆದೇಶದಲ್ಲೇ ಬರೆದು ಸಂಬಳಕ್ಕೆ ಸೇರಿಸಬೇಕಿತ್ತು. ಮುಂದಿನ ಆದೇಶದಲ್ಲಿ ಹಾಗೆ ಸೇರಿಸಿದೆವು. ವಹಿಸಿಕೊಳ್ಳುವ ವಿಷಯದಲ್ಲಿ ಮಾತ್ರ ‘ಸಾಧಾರಣ’ ಎಂದು ಬರೆದೆ, ಉಳಿದದ್ದಕ್ಕೆ ‘ಉತ್ತಮ’. ಆದೇಶ ಮುಂದುವರಿಯಿತು.

ಹಿರಿಯರಿಗೂ ಸಲ್ಲಬೇಕಾದದ್ದು ಸಂದಿತು. ಬೇರಿಂಗಿಗೆ ಗ್ರೀಸ್ ಹಾಕುವುದು, ಪ್ಯಾಕಿಂಗ್ ಬದಲಿಸುವುದು, ಬಿಡಿಭಾಗ ತರಿಸಲು ಬೆನ್ನು ಹತ್ತುವುದು, ಇವೆಲ್ಲ ಅವರ ಪಾಲಿಗೆ ಬಿದ್ದಿದ್ದವು. ಒಂದು ಪಾಳಿಯಲ್ಲಿ ಮುಗಿಯದ ಇಂಥ ಕೆಲಸವನ್ನು ದಿನವೂ ಇರುವವರೇ ಮಾಡಬೇಕು. ಅದನ್ನು ಅವರ ವರದಿಯಲ್ಲಿ ಬೇರೆ ಸಾಲಾಗಿ ಬರೆದೆವು. ಬದಲಿಯವರ ವರದಿಯಲ್ಲಿ ಆ ಸಾಲಿಗೆ ಸೊನ್ನೆ ಹಾಕಲಿಲ್ಲ, ‘ಅನ್ವಯಿಸುವುದಿಲ್ಲ’ ಎಂದು ಬರೆದೆವು.

ನಿಮ್ಮ ಸಂಸ್ಥೆಗಳಲ್ಲಿ ಪಂಪಿಲ್ಲದಿರಬಹುದು, ಆದರೆ ಮೊನ್ನೆ ಒಂದು ಶಾಲೆಯ ವರದಿಯಲ್ಲಿ ಒಬ್ಬ ಅರೆಕಾಲಿಕ ಶಿಕ್ಷಕಿಯ ಬಗ್ಗೆ ಓದಿದೆ: ‘ಸಿಬ್ಬಂದಿ ಸಭೆಗಳಿಗೆ ಬರುವುದಿಲ್ಲ.’ ಸಭೆ ಸಂಜೆ ನಾಲ್ಕೂವರೆಗೆ. ಆ ತಾಯಿಯ ಕೊನೆಯ ತರಗತಿ ಮುಗಿಯುವುದು ಮಧ್ಯಾಹ್ನ ಒಂದಕ್ಕೆ. ನಡುವಿನ ಮೂರೂವರೆ ತಾಸಿಗೆ ಸಂಬಳವಿಲ್ಲ. ಕಾರ್ಯದರ್ಶಿಗಳು ಇಲ್ಲೇ ಕೂತಿದ್ದಾರೆ. ವರದಿ ಮೇಲಕ್ಕೆ ಹೋಗುವ ಮೊದಲು ಆ ಸಾಲನ್ನು ಇನ್ನೊಮ್ಮೆ ನೋಡುತ್ತೇನೆ ಎಂದು ಈಗಾಗಲೇ ನನಗೆ ಹೇಳಿದ್ದಾರೆ.