ಗಂಟಲು ಕಟ್ಟಿದ ಮರುದಿನ

ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ರಾತ್ರಿ ಪಂದ್ಯ ನೋಡಿ ಬಂದ ಎಷ್ಟೋ ಜನರಿಗೆ ಬೆಳಗ್ಗೆ ಎದ್ದಾಗ ದನಿಯೇ ಹೊರಡುವುದಿಲ್ಲ. ಹೊರಟರೂ ಒಡಕು, ಗೊಗ್ಗರು. ಗಂಟಲು ಕಟ್ಟಿತು ಎನ್ನುತ್ತೇವೆ. ವಾಡಿಕೆಯ ಈ ಮಾತೇ ನಮ್ಮ ಆರೈಕೆಯ ದಾರಿ ತಪ್ಪಿಸುತ್ತದೆ. ಪೆಟ್ಟು ಬಿದ್ದಿರುವುದು ಅನ್ನ, ನೀರು ಇಳಿಯುವ ಗಂಟಲಿಗಲ್ಲ. ಶ್ವಾಸನಾಳದ ಬಾಯಲ್ಲಿರುವ ಧ್ವನಿತಂತುಗಳೆಂಬ ಎರಡು ಪುಟ್ಟ ಮಡಿಕೆಗಳಿಗೆ. ಮೆಲ್ಲಗೆ ಮಾತಾಡುವಾಗಲೂ ಅವು ಒಂದಕ್ಕೊಂದು ತಾಗುತ್ತವೆ, ಗಂಡಸರಲ್ಲಿ ಸೆಕೆಂಡಿಗೆ ನೂರಕ್ಕೂ ಹೆಚ್ಚು ಬಾರಿ, ಹೆಂಗಸರಲ್ಲಿ ಸುಮಾರು ಇನ್ನೂರು ಬಾರಿ. ಕೂಗುವಾಗ ಆ ಬಡಿತ ಇನ್ನೂ ವೇಗ, ಇನ್ನೂ ಜೋರು. ಮೂರು ತಾಸು ಬಿಡದೆ ಚಪ್ಪಾಳೆ ತಟ್ಟಿದರೆ ಅಂಗೈ ಕೆಂಪಾಗಿ ಊದಿಕೊಳ್ಳುವುದಿಲ್ಲವೇ, ಹಾಗೆಯೇ ಇದು. ಗದ್ದಲದಲ್ಲಿ ನಮ್ಮ ದನಿ ನಮಗೇ ಕೇಳಿಸದು, ಅದಕ್ಕೇ ಅರಿವಿಲ್ಲದೆ ಇನ್ನಷ್ಟು ಏರಿಸುತ್ತೇವೆ. ಊದಿದ ತಂತು ಭಾರವಾಗಿ ನಿಧಾನ ಕಂಪಿಸುವುದರಿಂದ ದನಿ ದಪ್ಪವಾಗುತ್ತದೆ. ಅಂಚುಗಳು ಕೂಡದೆ ನಡುವೆ ಗಾಳಿ ಸೋರುತ್ತದೆ.

ಉಪ್ಪುನೀರು ಮುಕ್ಕಳಿಸಿದರೆ, ಜೇನು-ಕಾಳುಮೆಣಸು ನೆಕ್ಕಿದರೆ ಹಿತವಾಗುವುದಿಲ್ಲವೇ ಎಂದು ಕೇಳಬಹುದು. ಹಿತವಾಗುವುದು ನಿಜ, ಆದರೆ ಗಂಟಲಿಗೆ. ಆ ನೀರು ಧ್ವನಿತಂತಿನವರೆಗೆ ಹೋದರೆ ನೆತ್ತಿಗೇರಿ ಕೆಮ್ಮಬೇಕಾದೀತು. ಅಲ್ಲಿಗೆ ನೇರ ತಲುಪುವುದು ಉಸಿರಿನ ಜೊತೆ ಹೋಗುವ ಬಿಸಿನೀರ ಹಬೆ. ಕುಡಿದ ನೀರೂ ಒಳಗಿನ ಲೋಳೆಯನ್ನು ತೆಳುವಾಗಿಡುತ್ತದೆ, ಆದರೆ ಮೈಗೆ ಹತ್ತಿದ ಮೇಲೆ, ನಿಧಾನವಾಗಿ. ಇವೆಲ್ಲ ಒತ್ತಾಸೆ ಅಷ್ಟೇ. ಊತ ಇಳಿಸುವುದು ಬಡಿತ ನಿಲ್ಲಿಸುವುದೊಂದೇ, ಅಂದರೆ ಮಾತು ಕಡಿಮೆ ಮಾಡುವುದು. ಗಂಟಲಿಗೆ ಹಿತವಾದೊಡನೆ ವಾಸಿಯಾಯಿತೆಂದು ಮಾತಿಗಿಳಿಯುವುದರಿಂದಲೇ ಎರಡು ದಿನದ ತೊಂದರೆ ವಾರಕ್ಕೆ ಬೆಳೆಯುತ್ತದೆ.

ಪಾಠ ಹೇಳುವವರು, ಬಸ್ ಕಂಡಕ್ಟರುಗಳು ಮೌನವಾಗಿ ಕೂರಲಾಗದು, ಪಿಸುಗುಟ್ಟಿಯಾದರೂ ದಿನ ದೂಡುತ್ತೇವೆ ಎನ್ನುತ್ತಾರೆ. ಎದುರಿನವರಿಗೆ ಕೇಳಲೆಂದು ಬಿಗಿಹಿಡಿದು ಪಿಸುಗುಟ್ಟಿದರೆ ಧ್ವನಿಪೆಟ್ಟಿಗೆಯ ಸ್ನಾಯುಗಳು ಹಿಂಡಿಕೊಳ್ಳುತ್ತವೆ. ಅದಕ್ಕಿಂತ ಹತ್ತಿರ ಹೋಗಿ, ಸಹಜ ದನಿಯಲ್ಲಿ, ಮೆಲ್ಲಗೆ, ಎರಡೇ ಮಾತು ಆಡುವುದು ಮೇಲು. ಪದೇ ಪದೇ ಕ್ಯಾಕರಿಸಿ ಗಂಟಲು ಸರಿಮಾಡಿಕೊಳ್ಳುವುದಂತೂ ಊದಿದ ಅಂಚುಗಳನ್ನು ಮತ್ತೆ ಅಪ್ಪಳಿಸಿದಂತೆ. ಒಂದು ಗುಟುಕು ನೀರು ನುಂಗಿದರೆ ಆ ಕೆರೆತ ಕಳೆಯುತ್ತದೆ.

ಊತ ಇಳಿಯಿತೇ ಎಂದು ತಿಳಿಯಲು ಜೋರಾಗಿ ಕೂಗಿ ನೋಡಬಾರದು, ಜೋರು ಉಸಿರು ಊತವನ್ನು ಮರೆಸಿಬಿಡುತ್ತದೆ. ತೀರ ಮೆಲುವಾಗಿ, ಏರು ಶ್ರುತಿಯಲ್ಲಿ ಗುನುಗಿ ನೋಡಿ. ದನಿಗೆ ಮುಂಚೆ ಗಾಳಿ ಹೊರಟರೆ, ನಡುವೆ ತುಂಡಾದರೆ, ಇನ್ನೂ ಊತವಿದೆ. ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಈ ಗುನುಗು ತಿಳಿಯಾಗುತ್ತದೆ. ಆದರೆ ಕೂಗುತ್ತಿರುವಾಗಲೇ ದನಿ ಥಟ್ಟನೆ ನಿಂತುಹೋದರೆ ಲೆಕ್ಕ ಬೇರೆ. ತಂತಿನೊಳಗಿನ ಸಣ್ಣ ರಕ್ತನಾಳ ಒಡೆದಿರಬಹುದು. ಆಗ ಪೂರ್ತಿ ಬಾಯಿ ಮುಚ್ಚಬೇಕು, ನೋವಿಗೆಂದು ತಾವಾಗಿ ಆಸ್ಪಿರಿನ್, ಐಬುಪ್ರೊಫೆನ್ ನುಂಗಬಾರದು, ಒಂದೆರಡು ದಿನದೊಳಗೆ ಕಿವಿ-ಮೂಗು-ಗಂಟಲು ವೈದ್ಯರಿಂದ ತಂತುಗಳನ್ನು ನೋಡಿಸಬೇಕು. ಮೂರು ವಾರವಾದರೂ ಗೊಗ್ಗರು ಬಿಡದಿದ್ದರೆ, ಕೂಗಿದ್ದರಿಂದಲೇ ಬಂತೆಂದು ಅದನ್ನೂ ಸುಮ್ಮನೆ ಬಿಡದೆ ಅವರಿಗೇ ತೋರಿಸಿ.